ಕ್ರೀಮ್ ಬಣ್ಣದ ಸೋಫಾ ಕವರು, ಕೋಳಿ ಸಾರು ಮತ್ತು ಒಂದು ವಾರ

ಭಾನುವಾರ ರಾತ್ರಿ

ಕವರು ಹೊಲಿದು ಮುಗಿಸಿ ಹದಿನೈದು ದಿನವೂ ಆಗಿರಲಿಲ್ಲ. ಕ್ರೀಮ್ ಬಣ್ಣದ ದಪ್ಪ ಹತ್ತಿ ಬಟ್ಟೆ, ಹಿಂದೆ ಜಿಪ್, ಅಂಚಿಗೆ ಪೈಪಿಂಗ್. ಇವತ್ತು ಮಧ್ಯಾಹ್ನ ಭಾವ ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದರು. ವಿಕೆಟ್ ಬಿತ್ತು, ತಟ್ಟೆಯೂ ಬಿತ್ತು. ನಡುವಿನ ಸೀಟಿನ ಮೇಲೆ ಅಂಗೈಯಗಲ ಕೋಳಿ ಸಾರು.

"ಏನಾಗಲ್ಲ ಬಿಡಮ್ಮ, ಒರೆಸಿದರೆ ಹೋಗುತ್ತೆ" ಅಂತ ಕರವಸ್ತ್ರ ತೆಗೆದರು. "ಬೇಡ ಭಾವ, ಮುಟ್ಟಬೇಡಿ" ಅಂತ ನಾನು ಕೂಗಿದ್ದು ಸ್ವಲ್ಪ ಜೋರಾಯಿತು. ಉಜ್ಜಿದರೆ ಎಣ್ಣೆ ನೂಲಿನೊಳಗೆ ಇಳಿಯುತ್ತದೆ, ಕಲೆಯೂ ಹರಡುತ್ತದೆ. ಚಮಚದಲ್ಲಿ ಅಂಚಿನಿಂದ ನಡುವಿನ ಕಡೆಗೆ ಗೋರಿ ಎತ್ತಿದೆ. ಆಮೇಲೆ ಟಿಶ್ಯೂ ಇಟ್ಟು ಬರೀ ಒತ್ತಿದೆ. ಕೂಡಲೇ ಜಿಪ್ ತೆಗೆದು ಕವರನ್ನು ಫೋಮಿನಿಂದ ಬಿಡಿಸಿದೆ. ಫೋಮಿಗೆ ರೂಪಾಯಿ ಅಗಲದ ಹಳದಿ ತಾಗಿತ್ತು. ಒದ್ದೆ ಬಟ್ಟೆಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಫ್ಯಾನ್ ಕೆಳಗೆ ನಿಲ್ಲಿಸಿದೆ.

ಕವರಿನ ಕಲೆ ಮೇಲೆ ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸಿ ಇಪ್ಪತ್ತು ನಿಮಿಷ ಬಿಟ್ಟೆ. ಹಿಟ್ಟು ಹಳದಿಯಾಗಿ ಉಂಡೆಕಟ್ಟಿತು. ಅಂದರೆ ಎಣ್ಣೆ ಹೀರಿದೆ. ಸಾರಿನ ಕಲೆಯಲ್ಲಿ ಅರಿಶಿನದ ಹಳದಿ, ಮೆಣಸಿನಪುಡಿಯ ಕೆಂಪು ಎರಡೂ ಇರುತ್ತವೆ, ಎರಡೂ ಕರಗುವುದು ಎಣ್ಣೆಯಲ್ಲೇ. ಬರೀ ನೀರು ಎಷ್ಟು ಸುರಿದರೂ ಅವು ಅಲುಗಲ್ಲ. ಎಣ್ಣೆ ಎಷ್ಟು ಹೊರಗೆ ಬರುತ್ತೋ ಬಣ್ಣವೂ ಅಷ್ಟು ಬರುತ್ತದೆ. (ವೈನ್ ಚೆಲ್ಲಿದ್ದರೆ ಕಥೆ ಬೇರೆ. ಅದರಲ್ಲಿ ಎಣ್ಣೆ ಇಲ್ಲ, ತಕ್ಷಣ ತಣ್ಣೀರು ಹರಿಸಿದರೆ ಬಹುಪಾಲು ಇಳಿದುಹೋಗುತ್ತದೆ.)

ಹಿಟ್ಟು ಕೊಡವಿ, ಪಾತ್ರೆ ಲಿಕ್ವಿಡ್ ಒಂದು ಚಮಚ, ನೀರು ಬೆರೆಸದೆ, ಬಟ್ಟೆಯ ಎರಡೂ ಬದಿಗೆ ಬೆರಳಲ್ಲಿ ಸವರಿದೆ. ಹದಿನೈದು ನಿಮಿಷ ಬಿಟ್ಟು, ಕವರನ್ನು ತಿರುಗಿಸಿ, ಕಲೆಯ ಹಿಂಬದಿಗೆ ನಲ್ಲಿ ಬಿಟ್ಟೆ. ನೀರು ಹಿಂದಿನಿಂದ ಬಂದರೆ ಕಲೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮುಂದಿನಿಂದ ಬಿಟ್ಟರೆ ಇನ್ನೂ ಒಳಕ್ಕೆ ತಳ್ಳಿದ ಹಾಗೆ. ಇದನ್ನೇ ಎರಡು ಸಲ ಮಾಡಿದೆ. ಜಿಡ್ಡು ಹೋಯಿತು, ಹಳದಿ ಉಳಿಯಿತು.

ಆಮೇಲೆ ದಡ್ಡತನ ಮಾಡಿದೆ. ಸಾಕಾಗಲಿಲ್ಲ ಅಂತ ಬಟ್ಟೆ ಸೋಪಿನ ಬಾರ್ ಎಳೆದೆ. ಕಣ್ಣೆದುರೇ ಹಳದಿ ರಕ್ತದ ಹಾಗೆ ಕೆಂಪಾಯಿತು! ಎದೆ ಧಸಕ್ ಅಂತು.

ಸೋಮವಾರ

ರಾತ್ರಿ ನಿದ್ದೆ ಬರದೆ ಯೋಚಿಸಿದಾಗ ಹೊಳೆಯಿತು. ಆರತಿ ತಟ್ಟೆಯ ಕೆಂಪು ನೀರು! ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ಓಕುಳಿ ಮಾಡುತ್ತೇವಲ್ಲ, ಅದೇ ಇದು. ಬಟ್ಟೆ ಸೋಪಿಗೂ ಸುಣ್ಣದ ಹಾಗೆ ಕ್ಷಾರದ ಗುಣ. ಕಲೆ ಜಾಸ್ತಿ ಆಗಿಲ್ಲ, ಬಣ್ಣ ಬದಲಾಗಿದೆ ಅಷ್ಟೇ. ಬೆಳಿಗ್ಗೆ ಒಂದು ಮಗ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಸುರಿದೆ. ಕೆಂಪು ಇಳಿದು ಹಳದಿಗೆ ಬಂತು. ಕಲೆ ಹೋಗಲಿಲ್ಲ, ಧೈರ್ಯ ಬಂತು.

ಇದರಿಂದ ಒಂದು ಉಪಯೋಗವೂ ಆಯಿತು. ಒಣಗಿದ ಮೇಲೆ ಕಣ್ಣಿಗೆ ಕಾಣದ ಅರಿಶಿನ ಉಳಿದಿದೆಯಾ ಅಂತ ನೋಡಬೇಕಾದರೆ ಒಂದು ಹನಿ ಸೋಪಿನ ನೀರು ಸಾಕು. ಕೆಂಪಾದರೆ ಇನ್ನೂ ಇದೆ.

ಹೊಲಿಗೆಯಲ್ಲಿ ಉಳಿದ ಬಟ್ಟೆ ಇತ್ತಲ್ಲ, ಅದರಲ್ಲಿ ನಾಲ್ಕು ತುಂಡು ಕತ್ತರಿಸಿ, ಫ್ರಿಜ್ಜಿನಲ್ಲಿ ಉಳಿದಿದ್ದ ಅದೇ ಸಾರು ತೊಟ್ಟಿಕ್ಕಿಸಿ, ಅರ್ಧ ಗಂಟೆ ಬಿಟ್ಟು ನಾಲ್ಕನ್ನೂ ಪಾತ್ರೆ ಲಿಕ್ವಿಡ್ಡಿನಲ್ಲೇ ತೊಳೆದೆ. ಆಮೇಲೆ ದಾರಿ ಬೇರೆ ಬೇರೆ. ಮೊದಲನೆಯದು ಮನೆಯೊಳಗೆ, ಎರಡನೆಯದು ತಾರಸಿಯ ಬಿಸಿಲಿಗೆ. ಮೂರನೆಯದಕ್ಕೆ ಕಲೆ ಇರುವಾಗಲೇ ಇಸ್ತ್ರಿ ಹಾಕಿ ಆಮೇಲೆ ಬಿಸಿಲಿಗೆ. ನಾಲ್ಕನೆಯದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗೆ. ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ ಬಾಟಲಿಯಲ್ಲಿ 6% ಅಂತ ಇತ್ತು. ಅಷ್ಟೇ ನೀರು ಸೇರಿಸಿ 3% ಮಾಡಿಕೊಂಡೆ.

ಬ್ಲೀಚ್ ಪರೀಕ್ಷೆ ಮಾಡಲೇ ಇಲ್ಲ. ಅದು ಕ್ರೀಮ್ ಬಣ್ಣವನ್ನೂ ತಿಂದು ಬಿಳಿ ಮಚ್ಚೆ ಮಾಡುತ್ತದೆ, ಹತ್ತಿ ನೂಲನ್ನೂ ಸಡಿಲ ಮಾಡುತ್ತದೆ. ಮೇಲಾಗಿ ಈ ಬಟ್ಟೆಗೆ ಆಗಲೇ ವಿನೆಗರ್ ಹಾಕಿದ್ದೇನೆ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಆಟ ಅಲ್ಲ.

ಬುಧವಾರ

ಎರಡು ದಿನದ ಬಿಸಿಲಿನ ನಂತರ ತುಂಡುಗಳನ್ನು ಪಕ್ಕಪಕ್ಕ ಇಟ್ಟೆ. ಒಳಗಿಟ್ಟಿದ್ದು ಹಾಗೇ ಹಳದಿ. ಬಿಸಿಲಿನದು ಮುಕ್ಕಾಲು ಪಾಲು ಮಾಸಿದೆ. ಅರಿಶಿನದ ಬಣ್ಣಕ್ಕೆ ಬೆಳಕು ಆಗಿಬರುವುದಿಲ್ಲ, ಬಿಸಿಲಿನಲ್ಲಿ ಅದು ತಾನೇ ಒಡೆದುಹೋಗುತ್ತದೆ. ಅರಿಶಿನ ಬಿದ್ದ ಪಂಚೆಯನ್ನು ಅಜ್ಜಿ ಸುಮ್ನೆ ಬಿಸಿಲಿಗೆ ಹರವುತ್ತಿದ್ದದ್ದು ಈಗ ಅರ್ಥವಾಯಿತು.

ಇಸ್ತ್ರಿ ಹಾಕಿದ್ದೇ ಎಲ್ಲಕ್ಕಿಂತ ಕೆಟ್ಟದ್ದು. ನಡುವೆ ಕಂದು ಛಾಯೆ ಕೂತುಬಿಟ್ಟಿದೆ. ತೊಳೆದ ಮೇಲೂ ನೂಲಿನಲ್ಲಿ ಚೂರು ಎಣ್ಣೆ ಇದ್ದಿರಬೇಕು, ಬಿಸಿಗೆ ಅದು ಅಂಟಿಕೊಂಡಿದೆ. ಡ್ರೈಯರ್ ಇರುವವರಿಗೂ ಇದೇ ಗತಿ. ಕಲೆ ಪೂರ್ತಿ ಹೋಗುವ ತನಕ ಬಿಸಿ ಬೇಡ.

ಪೆರಾಕ್ಸೈಡಿನ ತುಂಡು ಬಿಸಿಲಿನದಕ್ಕಿಂತ ಇನ್ನೂ ತಿಳಿಯಾಗಿತ್ತು. ಆದರೆ ಸುತ್ತ ಒಂದು ಮಸುಕು ಬಿಳಿ ವೃತ್ತ. ಬಟ್ಟೆಯ ಸ್ವಂತ ಬಣ್ಣವೂ ಸ್ವಲ್ಪ ಹೋಗಿದೆ. ಬಿಳಿ ಬಟ್ಟೆಯಾಗಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಮಾಡುತ್ತಿದ್ದೆ. ಕ್ರೀಮಿಗೆ ಬೇಡ ಅಂತ ತೀರ್ಮಾನ. ತುಂಡಿನ ಮೇಲೆ ನೋಡಿದ್ದು ಒಳ್ಳೆಯದಾಯಿತು, ಅಲ್ವಾ?

ಗುರುವಾರದಿಂದ ಶನಿವಾರ

ಕವರಿಗೆ ಬಿಸಿಲೇ ಗತಿ. ಬೆಳಿಗ್ಗೆ ಹತ್ತಕ್ಕೆ ಕಲೆಯ ಜಾಗಕ್ಕೆ ನೀರು ಚಿಮುಕಿಸಿ, ಕಲೆ ಮೇಲೆ ಬರುವ ಹಾಗೆ ಹರವುವುದು. ನಾಲ್ಕಕ್ಕೆ ಒಳಗೆ ತರುವುದು. ಒಣಗಿದಾಗಲೆಲ್ಲ ಮತ್ತೆ ನೀರು. ಶುಕ್ರವಾರ ಮಧ್ಯಾಹ್ನ ಮೋಡ, ಒಂದು ದಿನ ದಂಡ.

ಒಂದು ಎಚ್ಚರಿಕೆ. ಕಲೆಯ ಜಾಗ ಮಾತ್ರ ಬಿಸಿಲಿಗೆ ಬಿದ್ದರೆ ಅಲ್ಲಿ ಬಟ್ಟೆ ಮಾಸಿ ಬೇರೆ ಮಚ್ಚೆಯಾಗುತ್ತದೆ. ಅದಕ್ಕೇ ಮಡಚದೆ ಇಡೀ ಕವರನ್ನು ಹರವಿದೆ. ಪಕ್ಕದ ಎರಡು ಸೀಟಿನ ಕವರುಗಳನ್ನೂ ಕೊನೆಯ ದಿನ ಜೊತೆಗೆ ಹಾಕಿದೆ. ಎದುರು ಮನೆಯವರು "ಏನು, ಸೋಫಾಗೆ ಎಣ್ಣೆಸ್ನಾನವಾ?" ಅಂತ ಕೇಳಿದರು. ಎಣ್ಣೆಯೂ ಆಗಿದೆ, ಸ್ನಾನವೂ ಆಗಿದೆ ಅಂದೆ.

ಶನಿವಾರ ಸಂಜೆ ಸೋಪಿನ ನೀರಿನ ಹನಿ ಇಟ್ಟು ನೋಡಿದೆ. ಕೆಂಪಾಗಲಿಲ್ಲ. ಆದರೆ ಟ್ಯೂಬ್‌ಲೈಟಿನಲ್ಲಿ ಓರೆಯಾಗಿ ನೋಡಿದರೆ ಒಂದು ತೆಳು ಅಂಚು ಕಾಣುತ್ತದೆ. ಅದು ಅರಿಶಿನ ಅಲ್ಲ, ಜಿಡ್ಡು. ಭಾನುವಾರ ಲಿಕ್ವಿಡ್ಡನ್ನು ಕಲೆಯ ನಡುವೆ ಚೆನ್ನಾಗಿ ಸವರಿ ಅಂಚಿಗೆ ಕಡಿಮೆ ಹಾಕಿದ್ದೆ. ಇನ್ನೊಮ್ಮೆ ಅಂಚಿನಾಚೆ ಎರಡು ಬೆರಳಗಲದವರೆಗೂ ಸವರಿ, ಉಗುರು ಬೆಚ್ಚಗಿನ ನೀರಲ್ಲಿ ಇಡೀ ಕವರು ಜಾಲಿಸಿ ತಂತಿಗೆ ಹಾಕಿದ್ದೇನೆ. ನಾಳೆ ಭಾವ ಮತ್ತೆ ಊಟಕ್ಕೆ ಬರುತ್ತಾರಂತೆ. ಸೀಟಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದೇನೆ, ಅಡುಗೆ ಮೊಸರನ್ನ.