ಆಟಿ ಕಷಾಯದ ಹಳೆ ಲಿಂಕ್

ಭಾನುವಾರ ಉಡುಪಿಯಲ್ಲಿ ಬ್ಲಾಗ್ ಬರೆಯುವ ನಾವೊಂದಿಷ್ಟು ಜನ ಸೇರಿದ್ದೆವು. ಸ್ವಾಗತ, ಶಾಲು, ಹಣ್ಣಿನ ಬುಟ್ಟಿ ಅಂತ ಸಂಘಟಕರು ಮುಕ್ಕಾಲು ಗಂಟೆ ನುಂಗಿದರು. ಆಮೇಲೆ ಮಂಗಳೂರಿನ ಅಕ್ಕ ಒಬ್ಬರು ಐದು ವರ್ಷ ಬರೆದು ಕಲಿತದ್ದೆಂತ ಅಂತ ಮಾತಾಡಿದರು. ಶೈಲಿ, ಓದುಗರು ಅಂತೆಲ್ಲ ಹೇಳ್ತಾರೆ ಅಂದುಕೊಂಡಿದ್ದೆ, ಅವರು ಹೇಳಿದ್ದು ಪೂರ್ತಿ ಒಂದೇ ಬರಹದ ಕತೆ.

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯದ ಬಗ್ಗೆ ಮೊದಲ ವರ್ಷವೇ ಬರೆದಿದ್ದರಂತೆ. ಬ್ಲಾಗರ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿದ್ದರೆ ಲಿಂಕಿಗೆ ಆ ಅಕ್ಷರ ಬರುವುದಿಲ್ಲ, `blog-post_8.html` ಅಂತ ಏನೋ ಒಂದು ಬರುತ್ತದೆ. ಅದೇ ಲಿಂಕ್ ಪ್ರತಿ ಆಟಿಯಲ್ಲೂ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಮೂರನೇ ವರ್ಷ ಅಕ್ಕನಿಗೆ ಲಿಂಕ್ ಚಂದ ಮಾಡುವ ಮನಸ್ಸಾಯಿತು. ಪೋಸ್ಟನ್ನು ಡ್ರಾಫ್ಟಿಗೆ ತಿರುಗಿಸಿ, `aati-kashaya` ಅಂತ ಕೊಟ್ಟು ಮತ್ತೆ ಪ್ರಕಟಿಸಿದರು. ಜೊತೆಗೆ ಕಾಸರಕದ ಮರವನ್ನು ಪಾಲೆ ಅಂದುಕೊಳ್ಳದ ಹಾಗೆ ಒಂದು ಮುಖ್ಯ ವಿಷಯವನ್ನೂ ಸೇರಿಸಿದರು. ಪಾಲೆಯ ಎಲೆಗಳು ಗೆಲ್ಲಿನ ಸುತ್ತ ಚಕ್ರದ ಹಾಗೆ ಇರುತ್ತವೆ, ಕೆತ್ತಿದರೆ ಹಾಲು ಬರುತ್ತದೆ. ವಿಷದ ಕಾಸರಕದಲ್ಲಿ ಎಲೆ ಎದುರುಬದುರು ಜೋಡಿಯಾಗಿರುತ್ತವೆ, ಹಾಲು ಇಲ್ಲ.

ಆ ವರ್ಷ ಹಳೆ ಲಿಂಕ್ ಒತ್ತಿದವರಿಗೆ ಪುಟವೇ ಸಿಗಲಿಲ್ಲ. ಅವರೆಲ್ಲ ಯಾರೋ ಕಾಪಿ ಮಾಡಿಟ್ಟ ಮೊದಲಿನ ಬರಹವನ್ನೇ ಹಂಚಿದರು. ಅದರಲ್ಲಿ ಕಾಸರಕದ ಮಾತೇ ಇರಲಿಲ್ಲ.

"ಹೊಸತಾಗಿ ಇನ್ನೊಂದು ಬರೆದು ಹಾಕಬಹುದಿತ್ತಲ್ಲ?" ಅಂತ ಮುಂದಿನ ಸಾಲಿನ ಹುಡುಗ ಕೇಳಿದ. (ಇದೇ ಹುಡುಗ ಮೊದಲು ದುಡ್ಡು ಎಷ್ಟು ಬರ್ತದೆ ಅಂತ ಕೇಳಿದ್ದ.)

"ಹಳೆ ಲಿಂಕ್ ಇರುವವರು ಹೊಸದನ್ನು ಯಾಕೆ ಹುಡುಕ್ತಾರೆ ಮಾರಾಯಾ?"

ಮೂರು ದಿನದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ನಾವು ಮುಂದಿನ ಬರಹದ ಚಿಂತೆಯಲ್ಲಿರುತ್ತೇವೆ, ಜನ ಬರುವುದು ಯಾವತ್ತೋ ಬರೆದು ಮರೆತದ್ದಕ್ಕೆ, ಅದೂ ಯಾರೋ ಅತ್ತೆ ಫ್ಯಾಮಿಲಿ ಗ್ರೂಪಿಗೆ ಹಾಕಿದ ಲಿಂಕ್ ಹಿಡಿದು. ಹಾಗಾದರೆ ತಪ್ಪು ಗೊತ್ತಾದಾಗ ತಿದ್ದಬೇಕಾದ್ದು ಅಲ್ಲೇ ಅಲ್ವಾ?

ಅಕ್ಕ ಆಮೇಲೆ ಸೆಟ್ಟಿಂಗ್ಸ್‌ನ `Custom redirects`ಗೆ ಹೋಗಿ ಹಳೆ ವಿಳಾಸದಿಂದ ಹೊಸದಕ್ಕೆ ದಾರಿ ಮಾಡಿಕೊಟ್ಟರಂತೆ:

```
From: /2020/07/blog-post_8.html
To:   /2020/07/aati-kashaya.html
```

`Permanent` ಆನ್ ಮಾಡಬೇಕು. ಈಗ ಹೊಸ ಬರಹವಾದರೆ ಪ್ರಕಟಿಸುವ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ಲಿಂಕ್ ಬರೆದಿಡುತ್ತಾರೆ, ಮತ್ತೆ ಮುಟ್ಟುವುದಿಲ್ಲ. ತಿದ್ದಿದರೆ ತಾರೀಕು ಹಾಕಿ ಮೇಲೆಯೇ ಒಂದು ಸಾಲು.

ಚಾ ಕುಡಿಯುವಾಗ ರಿಟೈರ್ಡ್ ಮಾಷ್ಟ್ರೊಬ್ಬರು ಅಕ್ಕನನ್ನು ಹಿಡಿದರು. "ಕೆತ್ತೆ ತೆಗೆಯುವುದು ಬೆಳಕು ಹರಿಯುವ ಮೊದಲು. ಕತ್ತಲಲ್ಲಿ ಎಲೆ ಎಂತ ಕಾಣ್ತದೆ? ಹಿಂದಿನ ದಿನವೇ ಮರ ನೋಡಿ ಗುರ್ತು ಮಾಡಿಡಿ ಅಂತ ಬರೆಯಿರಿ."

ಅಕ್ಕ ಲೋಟ ಕೆಳಗಿಟ್ಟು, ಫೋನ್ ತೆಗೆದು, ಅದೇ ಪುಟದಲ್ಲಿ ಆ ಸಾಲು ಸೇರಿಸಿದರು.