ಧಾರವಾಡದಿಂದ ದಾವಣಗೆರೆಗೆ: ಜನವರಿಯ ಥಂಡಿಯಲ್ಲಿ ಹೀಟರ್ ಎಷ್ಟು ಚಾರ್ಜ್ ತಿಂತು?

ಜನವರಿಯಲ್ಲಿ ದಾವಣಗೆರೆಯಲ್ಲಿ ನಮ್ಮ ಮನೆತನದ ಒಂದು ಮದುವೆ ಇತ್ತು. ಎರಡು ಎಲೆಕ್ಟ್ರಿಕ್ ಕಾರುಗಳಲ್ಲಿ ಹೋದೆವು. ಒಂದು ನನ್ನದು, ಇನ್ನೊಂದು ಕಾಕಾನ ಮಗನದು. ನನ್ನ ಕಾರಿನಲ್ಲಿರುವುದು ಪಿಟಿಸಿ ಹೀಟರ್, ತಮ್ಮನ ಕಾರಿನಲ್ಲಿ ಹೀಟ್ ಪಂಪ್. ಚಳಿಗಾಲದಲ್ಲಿ ಹುಬ್ಬಳ್ಳಿ–ಧಾರವಾಡದಿಂದ ನಸುಕಿನಲ್ಲಿ ಇದೇ ದಾರಿ ಹಿಡಿಯುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಎರಡರ ವ್ಯತ್ಯಾಸ ಹೇಳಿಬಿಡುತ್ತೇನೆ. ಪಿಟಿಸಿ ಹೀಟರ್ ಇಸ್ತ್ರಿ ಪೆಟ್ಟಿಗೆ ಇದ್ದ ಹಾಗೆ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಒಂದು ಯೂನಿಟ್ ಶಾಖ ಕೊಡುತ್ತದೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಹೀಟ್ ಪಂಪ್ ಎಂದರೆ ತಿರುವುಮುರುವಾಗಿ ಓಡುವ ಎಸಿ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರುತ್ತದೆ. ನಮ್ಮ ಕಡೆಯ ಥಂಡಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಎರಡೂವರೆ, ಮೂರು ಯೂನಿಟ್ ಶಾಖ ಸಿಗುತ್ತದೆ. ಪೆಟ್ರೋಲ್ ಕಾರಿಗೆ ಈ ಚಿಂತೆಯೇ ಇಲ್ಲ, ಬಿಸಿ ಎಂಜಿನ್ನಿಂದ ಶಾಖ ಪುಕ್ಕಟೆ ಬರುತ್ತದೆ. ಎಲೆಕ್ಟ್ರಿಕ್ ಮೋಟರ್ ಅಷ್ಟು ಬಿಸಿ ಆಗುವುದಿಲ್ಲ, ಹಾಗಾಗಿ ಕ್ಯಾಬಿನ್ ಬೆಚ್ಚಗಾಗಲು ಬ್ಯಾಟರಿಯಿಂದಲೇ ಕರೆಂಟ್ ಬರಬೇಕು.

ಸಪ್ತಾಪುರದಿಂದ ಬೆಳಿಗ್ಗೆ 4.45ಕ್ಕೆ ಹೊರಟಾಗ ಹೊರಗೆ 14 ಡಿಗ್ರಿ. ನನ್ನ ಕಾರಿನ ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 38 ಯೂನಿಟ್. ಪೂರ್ತಿ ಚಾರ್ಜ್ ಇತ್ತು, ಸ್ಕ್ರೀನಿನಲ್ಲಿ 280 ಕಿಲೋಮೀಟರ್ ತೋರಿಸುತ್ತಿತ್ತು. ಹುಬ್ಬಳ್ಳಿಯಿಂದ ದಾವಣಗೆರೆ 150 ಕಿಲೋಮೀಟರ್. ದಾರಿಯಲ್ಲಿ ಎಲ್ಲೂ ನಿಲ್ಲಬೇಕಿಲ್ಲ ಅಂದುಕೊಂಡೆ.

ಆದರೆ ನೇರವಾಗಿ ಹೈವೇ ಹತ್ತಲಿಲ್ಲ. ವಿದ್ಯಾಗಿರಿಯಲ್ಲಿ ಅತ್ತಿಯನ್ನು, ನವನಗರದಲ್ಲಿ ಮಾಮಾನನ್ನು, ಆಮೇಲೆ ಕೇಶ್ವಾಪುರದಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು. ಪ್ರತಿ ಮನೆಯ ಮುಂದೆ ಹತ್ತು ಹದಿನೈದು ನಿಮಿಷ. ಬಾಗಿಲು ತೆಗೆದೇ ಇರುತ್ತಿತ್ತು, ಹೀಟರ್ ಓಡುತ್ತಲೇ ಇತ್ತು. ಬಾಗಿಲು ಹಾಕಿದ ಮೇಲೆ ತಣ್ಣಗಾದ ಕ್ಯಾಬಿನ್ನನ್ನು ಅದು ಮತ್ತೆ ಮೊದಲಿನಿಂದ ಬಿಸಿ ಮಾಡಬೇಕು. ಗೋಕುಲ ರೋಡಿಗೆ ಬರುವಷ್ಟರಲ್ಲಿ 32 ಕಿಲೋಮೀಟರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಸ್ಕ್ರೀನ್ ನೋಡಿದರೆ 185 ಕಿಲೋಮೀಟರ್! ಓಡಿದ್ದು 32, ಕಡಿಮೆಯಾಗಿದ್ದು 95. ನಿಜವಾಗಿ ಭಯ ಆಯಿತು.

ಭಯಕ್ಕೆ ಹೀಟರ್ ಬಂದ್ ಮಾಡಿದೆ. ಅದು ತಪ್ಪು. ಹಿಂದೆ ಕುಳಿತ ಅವ್ವ, "ತಮ್ಮಾ, ಕಾಲು ಥಂಡಿ ಹಿಡದಾವ ನೋಡೋ" ಅಂದಳು. ಅಷ್ಟರಲ್ಲಿ ಐದು ಜನರ ಉಸಿರಿಗೆ ಮುಂದಿನ ಗಾಜು ಮಂಜಾಯಿತು. ದಾರಿಯೇ ಕಾಣಲಿಲ್ಲ. ಗಾಡಿ ಬದಿಗೆ ಹಾಕಿ ಡಿಫಾಗರ್ ಒತ್ತಬೇಕಾಯಿತು. ಡಿಫಾಗರ್ ಒತ್ತಿದರೆ ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಅದೇ ಗಾಳಿಯನ್ನು ಮತ್ತೆ ಬಿಸಿ ಮಾಡುತ್ತದೆ. ಎರಡೂ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ಉಳಿಸಲು ಹೋಗಿ ಜಾಸ್ತಿ ಖರ್ಚಾಯಿತು. ಹಾಗಾಗಿ ಹೀಟರ್ ಪೂರ್ತಿ ಬಂದ್ ಮಾಡಬೇಡಿ. 21–22 ಡಿಗ್ರಿಗೆ ಇಟ್ಟು, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಬಿಡಿ. ರೀಸರ್ಕ್ಯುಲೇಶನ್ ಹಾಕಿದರೆ ಶಾಖ ಉಳಿಯುತ್ತದೆ ನಿಜ, ಆದರೆ ಗಾಡಿ ತುಂಬ ಜನ ಇದ್ದಾಗ ಗಾಜು ಬೇಗ ಮಂಜಾಗುತ್ತದೆ.

ಮದುವೆ ಮುಗಿದ ಮೇಲೆ ತಮ್ಮನೂ ನಾನೂ ಕೂತು ಲೆಕ್ಕ ಹಾಕಿದೆವು. ಎರಡೂ ಕಾರುಗಳ ಸ್ಕ್ರೀನಿನಲ್ಲಿ ಓಟಕ್ಕೆ ಎಷ್ಟು, ಎಸಿ–ಹೀಟರಿಗೆ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. ಊರೊಳಗಿನ 32 ಕಿಲೋಮೀಟರ್ ಓಟಕ್ಕೆ ನನ್ನ ಕಾರು ತೆಗೆದುಕೊಂಡದ್ದು 3.8 ಯೂನಿಟ್. ಹೀಟರ್ ತೆಗೆದುಕೊಂಡದ್ದು 1.8. ಅಂದರೆ ಓಟದ ಅರ್ಧದಷ್ಟು! ಅದೇ ಮನೆಗಳ ಮುಂದೆ ಅಷ್ಟೇ ಹೊತ್ತು ನಿಂತ ತಮ್ಮನ ಹೀಟ್ ಪಂಪಿಗೆ 0.7 ಸಾಕಾಗಿತ್ತು.

ಹೈವೇ ಲೆಕ್ಕ ಪೂರ್ತಿ ಬೇರೆ. ಗಂಟೆಗೆ 80ರಂತೆ ಹೋದ 150 ಕಿಲೋಮೀಟರಿಗೆ ಓಟಕ್ಕೆ 21 ಯೂನಿಟ್, ನನ್ನ ಹೀಟರಿಗೆ 1.2. ನೂರಕ್ಕೆ ಆರೂ ಇಲ್ಲ. ತಮ್ಮನ ಹೀಟ್ ಪಂಪಿಗೆ ಸುಮಾರು ಅರ್ಧ ಯೂನಿಟ್. ಇಬ್ಬರ ನಡುವೆ ಉಳಿದ ವ್ಯತ್ಯಾಸದಲ್ಲಿ ಐದು ಕಿಲೋಮೀಟರ್ ಹೋಗಬಹುದು, ಅಷ್ಟೇ.

ಇದು ಯಾಕೆ ಹೀಗೆ? ಹೀಟರ್ ಕರೆಂಟ್ ತಿನ್ನುವುದು ಗಂಟೆಯ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲ. ಗಾಡಿ ನಿಂತರೂ ಅದು ತಿನ್ನುತ್ತಲೇ ಇರುತ್ತದೆ. ಅದರಲ್ಲೂ ಮೊದಲ ಐದು ಹತ್ತು ನಿಮಿಷ ಮೂರ್ನಾಲ್ಕು ಕಿಲೋವ್ಯಾಟ್ ಎಳೆಯುತ್ತದೆ. ಕ್ಯಾಬಿನ್ ಬೆಚ್ಚಗಾದ ಮೇಲೆ ಒಂದು ಕಿಲೋವ್ಯಾಟ್‌ಗಿಂತ ಕೆಳಗೆ ಇಳಿಯುತ್ತದೆ. ಹೈವೇಯಲ್ಲಿ ಒಂದು ಗಂಟೆಗೆ 80 ಕಿಲೋಮೀಟರ್ ದಾಟುತ್ತೀರಿ, ಊರೊಳಗೆ ಅದೇ ಗಂಟೆಗೆ 24. ಚಳಿಗಾಲದ ರೇಂಜ್ ಬಗ್ಗೆ ಒಬ್ಬರು ಏನೂ ಆಗಲ್ಲ ಅನ್ನುತ್ತಾರೆ, ಇನ್ನೊಬ್ಬರು ಮೂರನೇ ಒಂದು ಭಾಗ ಹೋಯಿತು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಓಡಿಸಿದ ರೀತಿ ಬೇರೆ.

ಸ್ಕ್ರೀನಿನ 185 ಕೂಡ ಹಾಗೇ ಬಂದದ್ದು. ಸ್ವಲ್ಪ ಮುಂಚೆ ಹೇಗೆ ಖರ್ಚಾಯಿತೋ ಮುಂದೆಯೂ ಹಾಗೇ ಆಗುತ್ತದೆ ಅಂತ ಅದು ಲೆಕ್ಕ ಹಾಕುತ್ತದೆ. ಊರೊಳಗಿನ ದುಬಾರಿ ಒಂದು ಗಂಟೆಯನ್ನು ಇಡೀ ದಾರಿಗೆ ಹಚ್ಚಿತ್ತು. ಗೋಕುಲ ರೋಡಿನಲ್ಲಿ ನಾನು ಆ ಅಂಕಿ ಬಿಟ್ಟು ಬ್ಯಾಟರಿಯ ಶೇಕಡಾ ನೋಡಬೇಕಿತ್ತು. 85 ಇತ್ತು, ಅಂದರೆ 32 ಯೂನಿಟ್. ಹೈವೇಗೆ ಬೇಕಿದ್ದದ್ದು 22–23. ಹಾವೇರಿ ಹತ್ತಿರ ಬಂದಾಗ ಇನ್ನೂ 75 ಕಿಲೋಮೀಟರ್ ಬಾಕಿ ಇತ್ತು, ಸ್ಕ್ರೀನ್ 140 ತೋರಿಸುತ್ತಿತ್ತು. ಎಂಟು ಗಂಟೆಗೆ ದಾವಣಗೆರೆ ಮುಟ್ಟಿದಾಗ 27 ಪರ್ಸೆಂಟ್ ಉಳಿದಿತ್ತು. ಅವ್ವನನ್ನು ಸುಮ್ನೆ ಥಂಡಿಯಲ್ಲಿ ಕೂರಿಸಿದೆ ಅಂತ ಈಗಲೂ ಬೇಜಾರಾಗುತ್ತದೆ.

ನಮ್ಮ ಕಡೆ ಓಡಿಸಲು ಹೀಟ್ ಪಂಪ್ ಬೇಕೇ ಬೇಕಾ ಅಂದರೆ, ರೇಂಜ್ ಸಲುವಾಗಿ ಬೇಡ. ಅದಕ್ಕೆ ಹಾಕುವ ಹಣವನ್ನು ಸ್ವಲ್ಪ ದೊಡ್ಡ ಬ್ಯಾಟರಿಗೆ ಹಾಕುವುದು ಮೇಲು ಅಂತ ನನಗನ್ನಿಸುತ್ತದೆ. ಚಳಿ ಇರುವುದೇ ಎರಡು ತಿಂಗಳು, ಅದೂ ಬೆಳಗಿನ ಎರಡು ಮೂರು ತಾಸು. ಹಿಮಾಚಲದ ಕಡೆ ಡಿಸೆಂಬರಿನಲ್ಲಿ ಹೋಗುವವರ ಮಾತು ಬೇರೆ. ಸೊನ್ನೆಗಿಂತ ಕೆಳಗೆ ಇಡೀ ದಿನ ಹೀಟರ್ ಓಡಬೇಕು, ಘಾಟಿಯಲ್ಲಿ ವೇಗವೂ ಕಡಿಮೆ. ಅಲ್ಲಿ ಹೀಟ್ ಪಂಪ್ ಇದ್ದರೆ ಗೊತ್ತಾಗುವಷ್ಟು ಉಳಿಯುತ್ತದೆ. ಆದರೆ ಅಲ್ಲಿ ಒಂದಕ್ಕೆ ಮೂರು ಅಂತ ನಂಬಬೇಡಿ. ಹೊರಗೆ ತಣ್ಣಗಾದಷ್ಟೂ ಎಳೆಯಲು ಸಿಗುವ ಶಾಖ ಕಡಿಮೆ. ಮುಂದಿನ ಕಾಯಿಲ್ ಮೇಲೆ ಮಂಜು ಕಟ್ಟಿದರೆ ಅದನ್ನು ಕರಗಿಸಲೂ ಕರೆಂಟ್ ಬೇಕು. ಅದಕ್ಕೇ ಹೀಟ್ ಪಂಪ್ ಇರುವ ಹೆಚ್ಚಿನ ಕಾರುಗಳಲ್ಲಿ ಜೊತೆಗೊಂದು ಪಿಟಿಸಿ ಹೀಟರ್ ಕೂಡ ಇರುತ್ತದೆ.

ಹೋದ ವಾರ ಮತ್ತೆ ಅದೇ ಮನೆಗಳ ಮುಂದೆ ನಿಂತು, ಅದೇ ಜನರನ್ನು ಹತ್ತಿಸಿಕೊಂಡು ಹೋದೆ. ಈ ಸಲ ಮನೆಯ 16 ಆಂಪಿಯರ್ ಸಾಕೆಟ್ಟಿಗೆ ಚಾರ್ಜರ್ ಹಚ್ಚಿಯೇ ಇಟ್ಟು, ಹೊರಡುವ ಹದಿನೈದು ನಿಮಿಷ ಮುಂಚೆ ಫೋನಿನಿಂದ ಹೀಟರ್ ಹಾಕಿದೆ. ಆ ಮೊದಲ ದೊಡ್ಡ ಖರ್ಚು ಬಹುಪಾಲು ಮನೆಯ ಮೀಟರಿಗೆ ಹೋಯಿತು. ಎಲ್ಲರಿಗೂ ಮೊದಲೇ ಫೋನ್ ಮಾಡಿ, ಕಾರು ಬರುವಾಗ ಗೇಟಿನ ಹತ್ತಿರ ಇರಿ ಅಂತ ಹೇಳಿದ್ದೆ. ಅವ್ವನ ಕಾಲಿಗೆ ಒಂದು ಕೌದಿ ಕೊಟ್ಟೆ. ಗೋಕುಲ ರೋಡಿನಲ್ಲಿ ಹೀಟರಿನ ಲೆಕ್ಕ ನೋಡಿದಾಗ 0.8 ಯೂನಿಟ್ ಇತ್ತು.