ಕೆಂಪು ಹರಳಿನ ಓಲೆ

ಸೋಮವಾರ ಬೆಳಿಗ್ಗೆ ತಲೆ ಬಾಚುವಾಗ ನೋಡಿದರೆ ಬಲಗಿವಿಯಲ್ಲಿ ಓಲೆ ಇಲ್ಲ. ಅಮ್ಮ ಕೊಟ್ಟ ಕೆಂಪು ಹರಳಿನ ಓಲೆ. ತಿರುಪು ಸಡಿಲ ಆಗಿದೆ ಅಂತ ಗೊತ್ತಿತ್ತು. ಇವತ್ತು ನಾಳೆ ಅಂತ ದಿನ ತಳ್ಳಿದ್ದೆ.

ಹಾಸಿಗೆ ಕೊಡವಿದೆ. ಬಚ್ಚಲಿನ ಜಾಲರಿ ಎತ್ತಿ ನೋಡಿದೆ. ಸಿಗಲಿಲ್ಲ. ಅಷ್ಟರಲ್ಲಿ ಮನೆಕೆಲಸದ ಅಕ್ಕ ಬಂದರು. ಆರು ವರ್ಷದಿಂದ ಬರುತ್ತಿದ್ದಾರೆ. ಕೇಳಲು ಬಾಯಿ ಬರಲಿಲ್ಲ. ಕೇಳದೇ ಇರುವುದೇ ಮರ್ಯಾದೆ ಅಂದುಕೊಂಡೆ. ಆದರೆ ಅವರು ರೂಮು ಗುಡಿಸುವಾಗ ಬಾಗಿಲ ಹತ್ತಿರ ಸುಮ್ನೆ ನಿಂತೆ. ಮಂಗಳವಾರ ಬೀರುವಿಗೆ ಬೀಗ ಹಾಕಿದೆ. ಮಡಚಿದ ಬಟ್ಟೆ ಒಳಗಿಡಲು ಹೋದ ಅಕ್ಕ ಅದನ್ನು ನೋಡಿದರು. ಏನೂ ಅನ್ನದೆ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟರು. ಅವತ್ತು ಕಾಫಿ ಬೇಡ ಅಂದರು.

ರಾತ್ರಿ ನಿದ್ದೆ ಬರಲಿಲ್ಲ. ಬಾಯಿಬಿಟ್ಟು ಕೇಳದೆಯೇ ನಾನು ಅವರ ಮೇಲೆ ಕಳ್ಳತನ ಹೊರಿಸಿಯಾಗಿತ್ತು.

ಬುಧವಾರ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದೆ. "ಅಕ್ಕ, ನನ್ನ ಓಲೆ ಎಲ್ಲೋ ಬಿದ್ದುಹೋಗಿದೆ. ತಿರುಪು ಸಡಿಲ ಇತ್ತು. ಭಾನುವಾರ ರಾತ್ರಿ ಮಲಗುವಾಗ ಕಿವಿಯಲ್ಲಿತ್ತು. ಸೋಮವಾರವೇ ನಿಮಗೆ ಹೇಳಬೇಕಿತ್ತು, ಹೇಳದೆ ತಪ್ಪು ಮಾಡಿದೆ. ಅವತ್ತು ಏನೇನು ಒಗೆಯೋಕೆ ಹಾಕಿದ್ರಿ, ಗುಡಿಸಿದ ಕಸ ಎಲ್ಲಿಗೆ ಹೋಯ್ತು, ಸ್ವಲ್ಪ ನೆನಪು ಮಾಡ್ಕೊಂಡು ಹೇಳ್ತೀರಾ?"

"ನೀವು ನೋಡಿದ್ರಾ?" ಅಂತ ಬೇಕೆಂದೇ ಕೇಳಲಿಲ್ಲ. ಅದಕ್ಕೆ ಅವರು "ಇಲ್ಲ" ಅನ್ನಬೇಕು, ನಾನು ಅದನ್ನು ನಂಬಬೇಕು. ಅಲ್ಲಿಗೆ ಮಾತು ನಿಂತುಬಿಡುತ್ತದೆ. "ಸಿಕ್ಕಿದ್ರೆ ಕೊಟ್ಬಿಡಿ, ಏನೂ ಅನ್ನಲ್ಲ" ಅನ್ನುವುದು ಇನ್ನೂ ಕೆಟ್ಟದ್ದು.

ಅಕ್ಕ ಪಾತ್ರೆ ಕೆಳಗಿಟ್ಟು ಕೈ ಒರೆಸಿಕೊಂಡರು. "ಹಿಂದೆ ಒಂದು ಮನೇಲಿ ಬ್ಯಾಗ್ ಸುರಿದು ತೋರ್ಸು ಅಂದಿದ್ರು. ಸುದ್ದಿ ಬಿಲ್ಡಿಂಗ್ ಪೂರ್ತಿ ಹಬ್ಬಿ ಇನ್ನೆರಡು ಮನೆ ಕೆಲಸಾನೂ ಹೋಯ್ತು. ಉಂಗುರ ಆಮೇಲೆ ಅವರ ಕಾರಲ್ಲೇ ಸಿಕ್ತಂತೆ. ಯಾರೂ ಬಂದು ನನಗೆ ಹೇಳ್ಲಿಲ್ಲ." ನನಗೆ ತಲೆ ಎತ್ತಲಾಗಲಿಲ್ಲ.

ಸ್ವಲ್ಪ ಹೊತ್ತು ಯೋಚಿಸಿ ಅವರೇ ಅಂದರು, "ಸೋಮವಾರ ದಿಂಬಿನ ಕವರ್ ಮಿಷಿನ್‌ಗೆ ಹಾಕಿದ್ದೆ ಅಲ್ವಾ?"

ಹಾಸಿಗೆ ಕೊಡವಿದ್ದ ನಾನು ದಿಂಬಿನ ಕವರ್ ಒಳಗೆ ಕೈ ಹಾಕಿರಲಿಲ್ಲ. ಮಿಷಿನ್ ಬಾಗಿಲ ಸುತ್ತಲಿನ ರಬ್ಬರ್ ಮಡಿಕೆ ಬಿಡಿಸಿ ನೋಡಿದೆವು. ಬರೀ ನೂಲಿನ ಕಸ. ಕೆಳಗಿನ ಮೂಲೆಯಲ್ಲಿ ಫಿಲ್ಟರ್‌ನ ಚಿಕ್ಕ ಮುಚ್ಚಳ ಇರುತ್ತದೆ. ಪ್ಲಗ್ ತೆಗೆದು, ಹಳೇ ಟವೆಲ್ ಹಾಸಿ, ಫಿಲ್ಟರ್ ನಿಧಾನಕ್ಕೆ ತಿರುಗಿಸಿದೆ. ಅದರಲ್ಲಿ ನಿಂತಿದ್ದ ನೀರು ಹರಿದು ಬಂತು. ಹಿಂದೆಯೇ ಒಂದು ಗುಂಡಿ, ಒಂದು ರೂಪಾಯಿ ನಾಣ್ಯ, ಕೂದಲಿನ ಉಂಡೆ. ಉಂಡೆಯನ್ನು ಅಕ್ಕ ಬೆರಳಲ್ಲಿ ಬಿಡಿಸಿದರು. ಕೆಂಪು ಹರಳು ಮಿನುಗಿತು. ತಿರುಪು ಮಾತ್ರ ಸಿಗಲಿಲ್ಲ.

ಅಕ್ಕ ಓಲೆಯನ್ನು ನಲ್ಲಿಯಲ್ಲಿ ತೊಳೆದು ನನ್ನ ಅಂಗೈಯಲ್ಲಿಟ್ಟರು. "ಬೀರು ಕೀ ಕೊಡಿ ಮೇಡಂ" ಅಂದರು. "ಬಟ್ಟೆ ನಿನ್ನೆಯಿಂದ ಕುರ್ಚಿ ಮೇಲೇ ಇದೆ."